ಪಂಪಿನ ಹೆಸರು ಟೆಂಡರ್ ಕಡತದಲ್ಲಿ ನಿಲ್ಲುವುದು ಹೇಗೆ?

ಒಂದು ರಾಸಾಯನಿಕ ಕಾರ್ಖಾನೆಗೆ ಕೂಲಿಂಗ್ ಟವರ್‌ನ ನೀರನ್ನು ಸುತ್ತಿಸಲು ಪಂಪು ಬೇಕಾಗಿದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 100 ಘನ ಮೀಟರ್ ನೀರು, 50 ಮೀಟರ್ ಹೆಡ್. ಇಂಥ ಪಂಪನ್ನು ಮಾಡುವ ಮಧ್ಯಮ ಗಾತ್ರದ ಕಾರ್ಖಾನೆಗಳು ನಮ್ಮ ದೇಶದಲ್ಲಿ ಬೇಕಾದಷ್ಟಿವೆ. ಆದರೂ ಖರೀದಿ ಕಡತದಲ್ಲಿ ಮತ್ತೆ ಮತ್ತೆ ಕಾಣಿಸುವುದು ನಾಲ್ಕೈದು ಹೆಸರುಗಳೇ. ಉಳಿದವರು "ನಮ್ಮ ಮಾಲು ಅವರಿಗಿಂತ ಏನೂ ಕಡಿಮೆಯಿಲ್ಲ, ಆದರೆ ನಮಗೆ ಬ್ರಾಂಡ್ ಇಲ್ಲ" ಎನ್ನುತ್ತಾರೆ. ಆಮೇಲೆ ಹೊಸ ಲೋಗೊ ಮಾಡಿಸುತ್ತಾರೆ, ವಸ್ತುಪ್ರದರ್ಶನದಲ್ಲಿ ದೊಡ್ಡ ಮಳಿಗೆ ಹಾಕುತ್ತಾರೆ, ಹೊಳಪು ಕಾಗದದ ಕೈಪಿಡಿ ಅಚ್ಚು ಹಾಕಿಸುತ್ತಾರೆ. ಮುಂದಿನ ಟೆಂಡರಿನಲ್ಲೂ ಹೆಸರು ಬರುವುದಿಲ್ಲ.

ಕೃಷಿ ಪಂಪಿನ ವಿಷಯ ಬೇರೆ. ಅಲ್ಲಿ ಕೊಳ್ಳುವವನೂ ಬಳಸುವವನೂ ದುಡ್ಡು ಕೊಡುವವನೂ ಒಬ್ಬನೇ ರೈತ. ಊರಿನ ಗೋಡೆಯ ಮೇಲೆ ಬರೆಸಿದ ಹೆಸರು, ಅಂಗಡಿಯವನ ಮಾತು, ಪಕ್ಕದ ತೋಟದವನ ಅನುಭವ ಅವನ ಮೇಲೆ ನೇರವಾಗಿ ಕೆಲಸ ಮಾಡುತ್ತವೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ನಮ್ಮ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದ ಉದ್ಯಮ 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋಯಿತು. ಅಲ್ಲಿಂದ 1920ರಲ್ಲಿ 'ಕಿರ್ಲೋಸ್ಕರ್ ಖಬರ್' ಎಂಬ ಮರಾಠಿ ಪತ್ರಿಕೆಯೇ ಹೊರಟು, ಕಾರ್ಖಾನೆಯ ಹೆಸರು ಮನೆಮನೆಗೆ ಹೋಯಿತು. ಕೈಗಾರಿಕಾ ಪಂಪಿಗೆ ಈ ದಾರಿ ಅರ್ಧದಷ್ಟೇ ಸಾಗುತ್ತದೆ. ಯಾಕೆಂದರೆ ಇಲ್ಲಿ ಕೊಳ್ಳುವುದು ಒಬ್ಬ ಮನುಷ್ಯನಲ್ಲ, ಒಂದು ಕಡತ.

ಆ ಕಡತ ನಡೆಯುವ ದಾರಿ ನೋಡಿ. ಪ್ರೊಸೆಸ್ ಎಂಜಿನಿಯರ್ ಎಷ್ಟು ನೀರು, ಎಷ್ಟು ಹೆಡ್ ಎಂದು ಲೆಕ್ಕ ಹಾಕುತ್ತಾರೆ. ಕನ್ಸಲ್ಟಂಟ್ ಕಚೇರಿಯ ಮೆಕ್ಯಾನಿಕಲ್ ಎಂಜಿನಿಯರ್ ಅದನ್ನು ಡೇಟಾಶೀಟಿಗೆ ಇಳಿಸಿ, ಯಾವ ಯಾವ ಕಂಪನಿಗಳಿಗೆ ವಿಚಾರಣೆ ಕಳಿಸಬಹುದು ಎಂಬ ವೆಂಡರ್ ಪಟ್ಟಿ ಲಗತ್ತಿಸುತ್ತಾರೆ. ಬಂದ ಕೊಟೇಶನ್‌ಗಳನ್ನು ತಾಂತ್ರಿಕವಾಗಿ ಹೋಲಿಸಿ ಒಂದು ದೊಡ್ಡ ಕೋಷ್ಟಕ ಮಾಡುತ್ತಾರೆ. ಮೆಂಟೆನೆನ್ಸ್‌ನವರು ಅದನ್ನು ನೋಡಿ ಬಿಡಿಭಾಗ, ರಿಪೇರಿಯ ಮಾತು ಎತ್ತುತ್ತಾರೆ. ಆಮೇಲಷ್ಟೇ ಪರ್ಚೇಸ್ ಮತ್ತು ಹಣಕಾಸಿನವರು ಬೆಲೆಯ ಲಕೋಟೆ ತೆರೆಯುತ್ತಾರೆ. ಸರ್ಕಾರಿ ಖರೀದಿಯಲ್ಲೂ ಎರಡು ಲಕೋಟೆ ಪದ್ಧತಿಯ ಟೆಂಡರಿನಲ್ಲಿ ಇದೇ ಕ್ರಮ. ಮೊದಲು ತಾಂತ್ರಿಕ ಲಕೋಟೆ, ಅದರಲ್ಲಿ ಪಾಸಾದವರದ್ದು ಮಾತ್ರ ಬೆಲೆಯ ಲಕೋಟೆ.

ಈ ಐದಾರು ಜನರಲ್ಲಿ ಪ್ರತಿಯೊಬ್ಬರಿಗೂ ಇರುವ ಅಂಜಿಕೆ ಒಂದೇ. ನಾಳೆ ಪಂಪು ಕೈಕೊಟ್ಟರೆ "ಇದನ್ನು ಯಾರು ಒಪ್ಪಿದ್ದು" ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವರು. ಹಳೆಯ ಹೆಸರನ್ನು ಆರಿಸಿದವರನ್ನು ಯಾರೂ ಕೇಳುವುದಿಲ್ಲ. ಹೊಸ ಹೆಸರಿಗೆ ಸಹಿ ಹಾಕಿದವರನ್ನು ಆಡಿಟ್ ಕೇಳುತ್ತದೆ. ಹಾಗಾಗಿ ಈ ಉದ್ಯಮದಲ್ಲಿ ಬ್ರಾಂಡ್ ಕಟ್ಟುವುದು ಎಂದರೆ, ನಿಮ್ಮ ಹೆಸರಿಗೆ ಸಹಿ ಹಾಕುವವರ ಕೈಗೆ ಸಮರ್ಥನೆಯ ಕಾಗದಗಳನ್ನು ಮೊದಲೇ ಕೊಟ್ಟಿಡುವುದು. ಆ ಕಾಗದಗಳು ಯಾವುವು, ಯಾವ ಹಂತದಲ್ಲಿ ಬೇಕು ಎಂಬುದನ್ನು ನಮ್ಮ 100 ಘನ ಮೀಟರ್ ಪಂಪಿನ ಜೊತೆಯಲ್ಲೇ ನೋಡೋಣ.

ಮೊದಲ ಬಾಗಿಲು ಕನ್ಸಲ್ಟಂಟ್ ಕಚೇರಿ. ಅಲ್ಲಿನ ಎಂಜಿನಿಯರ್‌ಗೆ ಒಂದು ಯೋಜನೆಯಲ್ಲಿ ಪಂಪು ಒಂದೇ ಅಲ್ಲ. ವಾಲ್ವ್, ಟ್ಯಾಂಕ್, ಪೈಪು ಎಲ್ಲವೂ ಇರುತ್ತದೆ. ಡ್ರಾಯಿಂಗಿನಲ್ಲಿ ಪಂಪಿಗೆ ಎಷ್ಟು ಜಾಗ ಬಿಡಬೇಕು, ಫೌಂಡೇಶನ್ ಎಷ್ಟು ತೂಕ ಹೊರಬೇಕು, ಮೋಟರ್ ಎಷ್ಟು ಕಿಲೋವ್ಯಾಟಿನದು ಎಂಬುದು ಟೆಂಡರಿಗೆ ಎಷ್ಟೋ ಮೊದಲೇ ಬೇಕು. ಆ ಹೊತ್ತಿನಲ್ಲಿ ಯಾರ ಕರ್ವ್, ಯಾರ ಅಳತೆಯ ಡ್ರಾಯಿಂಗ್ ಸುಲಭವಾಗಿ ಕೈಗೆ ಸಿಗುತ್ತದೆಯೋ ಅವರ ಪಂಪಿನ ಸುತ್ತಲೇ ವಿನ್ಯಾಸ ಬೆಳೆಯುತ್ತದೆ. ಕರ್ವ್ ಬೇಕೆಂದರೆ ಮೇಲ್ ಮಾಡಿ, ಸೇಲ್ಸ್‌ನವರು ಫೋನ್ ಮಾಡುತ್ತಾರೆ ಎನ್ನುವ ಕಂಪನಿ ಇಲ್ಲಿಯೇ ಹೊರಗುಳಿಯುತ್ತದೆ. ಎಲ್ಲ ಮಾದರಿಗಳ ಕರ್ವ್, ಅಳತೆ, ತೂಕ, ಲೋಹದ ವಿವರಗಳನ್ನು ಬಾಗಿಲು ತೆರೆದು ಇಡುವುದು ಈ ವ್ಯಾಪಾರದ ಮೊದಲ ಜಾಹೀರಾತು.

ಇದನ್ನು ಬಹಳ ಹಿಂದೆಯೇ ಅರಿತವರಿದ್ದರು. ಅಮೆರಿಕದ ವಾಲ್ವ್ ತಯಾರಕ ಕ್ರೇನ್ ಕಂಪನಿ 'ಟೆಕ್ನಿಕಲ್ ಪೇಪರ್ 410' ಎಂಬ ಪುಸ್ತಕ ಹೊರತಂದಿತು. ಪೈಪಿನಲ್ಲಿ ನೀರು ಹರಿಯುವಾಗ ವಾಲ್ವು, ಬೆಂಡುಗಳಲ್ಲಿ ಎಷ್ಟು ಒತ್ತಡ ನಷ್ಟವಾಗುತ್ತದೆ ಎಂಬ ಲೆಕ್ಕ ಅದರಲ್ಲಿದೆ. ಪಂಪಿನ ಕಡೆ ಇಂಗರ್‌ಸೋಲ್-ರ‍್ಯಾಂಡ್ ಕಂಪನಿ ಹೊರತಂದ 'ಕ್ಯಾಮೆರಾನ್ ಹೈಡ್ರಾಲಿಕ್ ಡೇಟಾ' ಅಂಥದ್ದೇ ಕೈಪುಸ್ತಕ. ಜರ್ಮನಿಯ ಕೆಎಸ್‌ಬಿ ಕಂಪನಿ ಸೆಂಟ್ರಿಫ್ಯೂಗಲ್ ಪಂಪುಗಳ ಪದಕೋಶವನ್ನೇ ಮಾಡಿದೆ. ಇವುಗಳಲ್ಲಿ ಕಂಪನಿಯ ಹೊಗಳಿಕೆಗೆ ಜಾಗವಿಲ್ಲ, ಎಂಜಿನಿಯರ್‌ಗೆ ಬೇಕಾದ ಲೆಕ್ಕವೇ ತುಂಬಿದೆ. ಪ್ರತಿ ಸಲ ಹೆಡ್ ಲೆಕ್ಕ ಹಾಕುವಾಗಲೂ ಆ ಪುಟ ತೆರೆಯುವ ಎಂಜಿನಿಯರ್‌ಗೆ ಆ ಹೆಸರು ಲೆಕ್ಕದ ಜೊತೆಗೇ ಅಂಟಿಕೊಳ್ಳುತ್ತದೆ. ಸಣ್ಣ ಕಾರ್ಖಾನೆ ಇಷ್ಟು ದೊಡ್ಡ ಪುಸ್ತಕ ಮಾಡಬೇಕಿಲ್ಲ. ತನಗೆ ಚೆನ್ನಾಗಿ ಗೊತ್ತಿರುವ ಒಂದು ದ್ರವದ ಬಗ್ಗೆ, ಸಕ್ಕರೆ ಕಾರ್ಖಾನೆಯ ಮೊಲಾಸಿಸ್ ಆಗಲಿ, ತ್ಯಾಜ್ಯ ಸಂಸ್ಕರಣೆಯ ಕೆಸರಾಗಲಿ, ಇಪ್ಪತ್ತು ಪುಟದ ನಿಜವಾದ ಅನುಭವ ಬರೆದರೆ ಸಾಕು. ಯಾವ ಸೀಲ್ ಎಷ್ಟು ಕಾಲ ಬಾಳಿತು, ಯಾವ ಲೋಹ ಸವೆಯಿತು ಎಂಬುದನ್ನು ಮರೆಮಾಚದೆ ಹೇಳಬೇಕು, ಅಷ್ಟೆ.

ಎರಡನೆಯ ಹಂತ ತಾಂತ್ರಿಕ ಹೋಲಿಕೆಯ ಕೋಷ್ಟಕ. ಹೆಚ್ಚಿನ ಹೊಸ ಹೆಸರುಗಳು ಸೋಲುವುದು ಇಲ್ಲಿ. ಡೇಟಾಶೀಟಿನಲ್ಲಿ ಅರವತ್ತೋ ಎಪ್ಪತ್ತೋ ಕಾಲಂಗಳಿರುತ್ತವೆ. ಎದುರಿಗೆ "ಆರ್ಡರ್ ಬಂದ ಮೇಲೆ ತಿಳಿಸಲಾಗುವುದು" ಎಂದು ಬರೆದ ಪ್ರತಿಯೊಂದು ಕಾಲಂ ಕೂಡ ಕನ್ಸಲ್ಟಂಟ್‌ಗೆ ಒಂದು ಹೆಚ್ಚಿನ ಪತ್ರ ಬರೆಯುವ ಕೆಲಸ. ಎಲ್ಲ ಕಾಲಂ ತುಂಬಿ, ಒಪ್ಪದ ಷರತ್ತುಗಳನ್ನು ಒಂದೇ ಹಾಳೆಯಲ್ಲಿ ಕಾರಣದೊಂದಿಗೆ ಬರೆದು, ಕೇಳಿದ ಸ್ಪಷ್ಟೀಕರಣಕ್ಕೆ ಎರಡು ದಿನದಲ್ಲಿ ಉತ್ತರ ಕೊಡುವ ಕಂಪನಿಯನ್ನು ಆ ಎಂಜಿನಿಯರ್ ಮುಂದಿನ ಯೋಜನೆಯ ಪಟ್ಟಿಗೆ ತಾವಾಗಿಯೇ ಸೇರಿಸುತ್ತಾರೆ. ನನ್ನ ಮಟ್ಟಿಗೆ, ಮಾರ್ಕೆಟಿಂಗ್ ವಿಭಾಗಕ್ಕೆ ಒಬ್ಬರನ್ನು ನೇಮಿಸಿಕೊಳ್ಳುವ ಮೊದಲು ಕೊಟೇಶನ್ ವಿಭಾಗಕ್ಕೆ ಒಬ್ಬ ಒಳ್ಳೆಯ ಅಪ್ಲಿಕೇಶನ್ ಎಂಜಿನಿಯರ್ ಬೇಕು.

ಈ ಕೋಷ್ಟಕದಲ್ಲಿ ಅತಿ ಹೆಚ್ಚು ಬೆಲೆಬಾಳುವ ಸಂಖ್ಯೆ ದಕ್ಷತೆ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 100 ಘನ ಮೀಟರ್ ನೀರನ್ನು 50 ಮೀಟರ್ ಹೆಡ್‌ಗೆ ಏರಿಸಲು ನೀರಿಗೆ ಸೇರಬೇಕಾದ ಶಕ್ತಿ ಸುಮಾರು 13.6 ಕಿಲೋವ್ಯಾಟ್. ಪಂಪಿನ ದಕ್ಷತೆ ಶೇ 66 ಆದರೆ ಶಾಫ್ಟಿಗೆ 20.6 ಕಿಲೋವ್ಯಾಟ್ ಬೇಕು. ಶೇ 72 ಆದರೆ 18.9 ಸಾಕು. ಮೋಟರಿನ ದಕ್ಷತೆ ಶೇ 93 ಎಂದು ಹಿಡಿದರೆ ಮೀಟರಿನಲ್ಲಿ ಕಾಣುವ ವ್ಯತ್ಯಾಸ ಸುಮಾರು 1.85 ಕಿಲೋವ್ಯಾಟ್. ವರ್ಷಕ್ಕೆ 8,000 ಗಂಟೆ ಓಡಿದರೆ 14,800 ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯಂತೆ ವರ್ಷಕ್ಕೆ 1.18 ಲಕ್ಷ ರೂಪಾಯಿ. ಶೇ 66ರ ಪಂಪು 1.60 ಲಕ್ಷಕ್ಕೂ ಶೇ 72ರ ಪಂಪು 2.05 ಲಕ್ಷಕ್ಕೂ ಸಿಗುತ್ತದೆ ಎಂದಿಟ್ಟುಕೊಳ್ಳಿ. ಬೆಲೆಯ ಲಕೋಟೆಯಷ್ಟೇ ನೋಡಿದರೆ ಮೊದಲನೆಯದು ಎಲ್-1. ಆದರೆ ಹೆಚ್ಚುವರಿ 45 ಸಾವಿರ ಆರು ತಿಂಗಳೊಳಗೆ ವಾಪಸಾಗುತ್ತದೆ.

ಆದರೆ ಈ ಲೆಕ್ಕವನ್ನು ಬೆಲೆ ತೆರೆದ ಮೇಲೆ ಹೇಳಿ ಪ್ರಯೋಜನವಿಲ್ಲ. ಟೆಂಡರಿನಲ್ಲಿಯೇ "ಹೆಚ್ಚು ಖರ್ಚಾಗುವ ವಿದ್ಯುತ್ತಿನ ಇಷ್ಟು ವರ್ಷದ ಮೊತ್ತವನ್ನು ಬೆಲೆಗೆ ಸೇರಿಸಿ ಹೋಲಿಸಲಾಗುವುದು" ಎಂಬ ಪವರ್ ಲೋಡಿಂಗ್ ಷರತ್ತು ಇದ್ದರೆ ಮಾತ್ರ ಪರ್ಚೇಸ್‌ನವರು ಅದನ್ನು ಲೆಕ್ಕಕ್ಕೆ ಹಿಡಿಯಬಹುದು. ಷರತ್ತು ಬರೆಯುವುದು ಕನ್ಸಲ್ಟಂಟ್. ಆದ್ದರಿಂದ ಟೆಂಡರಿಗೆ ತಿಂಗಳುಗಳ ಮೊದಲೇ ಅವರಿಗೆ ಈ ವಿಚಾರ ಮನದಟ್ಟು ಮಾಡಬೇಕು. ಅದಕ್ಕೆ ನಿಮ್ಮ ಸ್ವಂತ ಕೈಪಿಡಿಗಿಂತ ತಟಸ್ಥ ದಾಖಲೆ ಒಳ್ಳೆಯದು. ಅಮೆರಿಕದ ಹೈಡ್ರಾಲಿಕ್ ಇನ್‌ಸ್ಟಿಟ್ಯೂಟ್ ಮತ್ತು ಯುರೋಪಿನ ಯೂರೋಪಂಪ್ ಎಂಬ ತಯಾರಕರ ಸಂಘಗಳು ಸೇರಿ 2001ರಲ್ಲಿ ಪಂಪಿನ ಜೀವಿತಾವಧಿ ವೆಚ್ಚದ ಮಾರ್ಗದರ್ಶಿ ಹೊರತಂದವು. ಅದನ್ನೇ ಆಧಾರವಾಗಿ ತೋರಿಸಬಹುದು. ಇಲ್ಲೊಂದು ಎಚ್ಚರಿಕೆ. ನಿಮ್ಮ ಪಂಪಿಗೆ ಮಾತ್ರ ಹೊಂದುವಂಥ ವಿಚಿತ್ರ ಅಳತೆಯನ್ನು ಷರತ್ತಿನೊಳಗೆ ತುರುಕಿಸಲು ಹೋಗಬೇಡಿ. ಪ್ರಿ-ಬಿಡ್ ಸಭೆಯಲ್ಲಿ ಪ್ರತಿಸ್ಪರ್ಧಿಗಳು ಅದನ್ನು ಎತ್ತಿಯೇ ಎತ್ತುತ್ತಾರೆ. ಆಗ ಮುಖಭಂಗವಾಗುವುದು ಕನ್ಸಲ್ಟಂಟ್‌ಗೆ, ಮತ್ತು ಅವರು ನಿಮ್ಮನ್ನು ಮುಂದೆ ಹತ್ತಿರ ಸೇರಿಸುವುದಿಲ್ಲ.

ದಕ್ಷತೆಯನ್ನು ಹೇಳುವುದು ಸುಲಭ, ಹೇಳಿದ್ದನ್ನು ತೋರಿಸುವುದು ಕಷ್ಟ. ಪಂಪಿನ ಪರೀಕ್ಷೆಗೆ ಐಎಸ್‌ಒ 9906 ಎಂಬ ಮಾನದಂಡವಿದೆ. ಅದರಲ್ಲಿ ಹಲವು ದರ್ಜೆಗಳು. 2ಬಿ ದರ್ಜೆಯಲ್ಲಿ ಹರಿವು ಶೇ 8ರಷ್ಟು, ಹೆಡ್ ಶೇ 5ರಷ್ಟು ಆಚೀಚೆ ಆಗಬಹುದು. ದಕ್ಷತೆ ಶೇ 5ರಷ್ಟು ಕೆಳಗಿಳಿದರೂ ಪಾಸು. ಅಂದರೆ ಶೇ 72 ಎಂದು ಬರೆದುಕೊಟ್ಟ ಪಂಪು ಟೆಸ್ಟ್ ಬೆಡ್ಡಿನಲ್ಲಿ ಶೇ 68.4 ತೋರಿಸಿದರೂ ಅದು ಸರಿಯಾದ ಪಂಪೇ. 1ಬಿ ದರ್ಜೆಯಲ್ಲಿ ದಕ್ಷತೆಯ ರಿಯಾಯಿತಿ ಶೇ 3 ಮಾತ್ರ. 1ಇ ದರ್ಜೆಯಲ್ಲಿ ರಿಯಾಯಿತಿಯೇ ಇಲ್ಲ. 72 ಅಂದರೆ ಕನಿಷ್ಠ 72. ಅನೇಕರು 2ಬಿ ದರ್ಜೆಯ ಸಡಿಲಿಕೆಯನ್ನು ನೆಚ್ಚಿಕೊಂಡು ಕೊಟೇಶನ್ನಿನಲ್ಲಿ ಎರಡು ಮೂರು ಅಂಶ ಹೆಚ್ಚಿಗೆ ಬರೆಯುತ್ತಾರೆ. ಅನುಭವಿ ಎಂಜಿನಿಯರ್‌ಗಳಿಗೆ ಇದು ಗೊತ್ತು; ಅವರು ಅಂಥ ಹೆಸರಿನ ಮುಂದೆ ಮನಸ್ಸಿನಲ್ಲೇ ಆ ಅಂಶಗಳನ್ನು ಕಳೆದುಬಿಡುತ್ತಾರೆ.

ಹೊಸ ಹೆಸರಿಗೆ ಅವಕಾಶ ಇರುವುದು ಸರಿಯಾಗಿ ಇಲ್ಲಿಯೇ. ಈ ಗಾತ್ರದ ಪಂಪುಗಳಿಗೆ ಎಲ್ಲರೂ 2ಬಿ ಕೊಡುವಾಗ ನೀವು 1ಬಿ ಕೊಡಿ, ದಕ್ಷತೆಯನ್ನು 72ರ ಬದಲು 71 ಎಂದೇ ಬರೆಯಿರಿ, ಆದರೆ ಪ್ರತಿ ಪಂಪಿನ ಟೆಸ್ಟ್ ಕರ್ವನ್ನೂ ಅದರ ಸೀರಿಯಲ್ ನಂಬರಿನೊಂದಿಗೆ ಕಳಿಸಿ. ಪರೀಕ್ಷೆ ನೋಡಲು ಬರುವ ಇನ್‌ಸ್ಪೆಕ್ಟರ್ ಮೊದಲು ಕೇಳುವುದು ಫ್ಲೋಮೀಟರ್ ಮತ್ತು ಪ್ರೆಷರ್ ಗೇಜುಗಳ ಕ್ಯಾಲಿಬ್ರೇಶನ್ ಪ್ರಮಾಣಪತ್ರ. ಅದರ ಅವಧಿ ಮುಗಿದಿದ್ದರೆ ಉಳಿದ ಪರೀಕ್ಷೆ ಎಷ್ಟು ಚೆನ್ನಾಗಿ ನಡೆದರೂ ಅವರ ವರದಿಯಲ್ಲಿ ಒಂದು ಕಪ್ಪುಗೆರೆ ಉಳಿಯುತ್ತದೆ. ಪ್ರಮಾಣಪತ್ರ ಚಾಲ್ತಿಯಲ್ಲಿದ್ದು, ಐದು ಬಿಂದುಗಳ ರೀಡಿಂಗ್ ಕಣ್ಣೆದುರೇ ಕರ್ವಿನ ಮೇಲೆ ಕೂತರೆ, ಆ ವರದಿ ಗ್ರಾಹಕನ ಕಚೇರಿಯಲ್ಲಿ ವರ್ಷಗಟ್ಟಲೆ ನಿಮ್ಮ ಪರವಾಗಿ ಮಾತಾಡುತ್ತದೆ. ಒಳ್ಳೆಯ ಟೆಸ್ಟ್ ಬೆಡ್ ಇದ್ದರೆ ಗ್ರಾಹಕರನ್ನು ಮೀಟಿಂಗ್ ಹಾಲಿಗೆ ಕರೆಯುವ ಬದಲು ಅಲ್ಲಿಗೇ ಕರೆಯಿರಿ.

ಮೂರನೆಯದು ಸಮಿತಿಯ ಕೋಣೆ. ಮೆಂಟೆನೆನ್ಸ್ ಮುಖ್ಯಸ್ಥರು ನಿಮ್ಮ ಪಂಪು ಬೇಕು ಎಂದುಕೊಂಡಿದ್ದಾರೆ, ಆದರೆ ಅದು ಎಲ್-1 ಅಲ್ಲ, ಹೆಸರೂ ಹೊಸದು. ಖಾಸಗಿ ಕಂಪನಿಯಾದರೆ ಅವರು ಅರ್ಧ ಪುಟದ ಟಿಪ್ಪಣಿ ಬರೆಯಬೇಕಾಗುತ್ತದೆ. ಅದು ಹೀಗಿರುತ್ತದೆ: "ಈ ಪಂಪಿನ ಬೆಲೆ 45 ಸಾವಿರ ಹೆಚ್ಚು. ಖಾತ್ರಿ ಕೊಟ್ಟ ದಕ್ಷತೆಯ ಪ್ರಕಾರ ವಿದ್ಯುತ್ ಉಳಿತಾಯ ವರ್ಷಕ್ಕೆ ಇಷ್ಟು. ಇದೇ ಮಾದರಿ ಇಂಥ ಕಾರ್ಖಾನೆಯಲ್ಲಿ ಮೂರು ವರ್ಷದಿಂದ ಓಡುತ್ತಿದೆ, ಅಲ್ಲಿನ ಮೆಂಟೆನೆನ್ಸ್‌ನವರೊಂದಿಗೆ ಮಾತಾಡಿದ್ದೇವೆ. ಮೆಕ್ಯಾನಿಕಲ್ ಸೀಲ್ ಮತ್ತು ಬೇರಿಂಗ್ ಪೇಟೆಯಲ್ಲಿ ಸಿಗುವ ಅಳತೆಯವೇ. ದಕ್ಷತೆ ಕಡಿಮೆಯಾದರೆ ದಂಡಕ್ಕೆ ತಯಾರಕರು ಒಪ್ಪಿದ್ದಾರೆ." ಈ ಟಿಪ್ಪಣಿಯ ಒಂದೊಂದು ವಾಕ್ಯಕ್ಕೂ ಬೇಕಾದ ಸಾಮಗ್ರಿಯನ್ನು ನೀವು ಕೊಟ್ಟಿದ್ದೀರಾ ಎಂದು ನೋಡಿಕೊಳ್ಳಿ. ಕೊಡದಿದ್ದರೆ ಅವರು ಬರೆಯುವುದಿಲ್ಲ. ಕೆಲಸದ ಒತ್ತಡದಲ್ಲಿ ಹಳೆಯ ಹೆಸರಿಗೇ ಟಿಕ್ ಹಾಕಿ ಮುಂದೆ ಹೋಗುತ್ತಾರೆ.

ಇದರಲ್ಲಿ ಅತಿ ಕಷ್ಟದ್ದು ಮೂರನೆಯ ವಾಕ್ಯ. ಕೈಪಿಡಿಯ ಕೊನೆಯ ಪುಟದಲ್ಲಿ ಮುನ್ನೂರು ಗ್ರಾಹಕರ ಲೋಗೊ ಜೋಡಿಸಿದರೆ ಎಂಜಿನಿಯರ್‌ಗೆ ಅದರಿಂದ ಏನೂ ತಿಳಿಯುವುದಿಲ್ಲ. ದ್ರವ ಯಾವುದು, ಎಷ್ಟು ಉಷ್ಣಾಂಶ, ಎಷ್ಟು ಹರಿವು, ಎಷ್ಟು ಹೆಡ್, ಯಾವ ಲೋಹ, ಯಾವ ಸೀಲ್, ಯಾವ ವರ್ಷದಿಂದ ಓಡುತ್ತಿದೆ ಎಂದು ಬರೆದ ಹತ್ತು ಸಾಲಿನ ಪಟ್ಟಿ ಅದಕ್ಕಿಂತ ಎಷ್ಟೋ ಮೇಲು. ತೈಲ ಮತ್ತು ಅನಿಲ ಉದ್ಯಮದ ಟೆಂಡರುಗಳಲ್ಲಿ, ಇದೇ ಬಗೆಯ ಸೇವೆಯಲ್ಲಿ ಇಷ್ಟು ಸಾವಿರ ಗಂಟೆ ಓಡಿದ ಪುರಾವೆ ತೋರಿಸಿ ಎಂಬ ಷರತ್ತು ಇರುವುದು ಮಾಮೂಲು. ಪುರಾವೆ ಇಲ್ಲದೆ ಆರ್ಡರ್ ಇಲ್ಲ, ಆರ್ಡರ್ ಇಲ್ಲದೆ ಪುರಾವೆ ಇಲ್ಲ. ಈ ಗಂಟು ಬಿಚ್ಚುವ ದಾರಿ ಒಂದೇ: ಉತ್ಪಾದನೆ ನಿಲ್ಲದಂಥ ಜಾಗ ಹುಡುಕುವುದು. ಎರಡು ಪಂಪು ಓಡಿ ಒಂದು ಸ್ಟ್ಯಾಂಡ್‌ಬೈ ಇರುವ ಕಡೆ ಆ ಮೂರನೆಯದನ್ನು ನಿಮ್ಮದಾಗಿ ಇಡಿಸಿ. ಕೆಟ್ಟರೂ ಕಾರ್ಖಾನೆ ನಿಲ್ಲುವುದಿಲ್ಲ ಎಂಬ ಧೈರ್ಯ ಗ್ರಾಹಕರಿಗಿರುತ್ತದೆ. ಪಂಪುಗಳನ್ನು ಸರದಿಯ ಮೇಲೆ ಓಡಿಸುವಂತೆ ಕೇಳಿಕೊಳ್ಳಿ, ಗಂಟೆಗಳ ಲೆಕ್ಕ ಬರೆದಿಡಿ, ವರ್ಷ ತುಂಬಿದ ದಿನ ಕಾರ್ಯಕ್ಷಮತೆಯ ಪ್ರಮಾಣಪತ್ರ ಕೇಳಿ ಪಡೆಯಿರಿ. ಈ ಪ್ರಮಾಣಪತ್ರ ಕೇಳುವುದನ್ನೇ ಮರೆಯುವ ಕಂಪನಿಗಳು ಬಹಳ. ಐದು ವರ್ಷದ ನಂತರ ಟೆಂಡರಿಗೆ ಬೇಕಾದಾಗ, ಆ ಕಾರ್ಖಾನೆಯಲ್ಲಿ ಸಹಿ ಹಾಕಬೇಕಿದ್ದವರು ಬೇರೆ ಕಡೆ ಹೋಗಿಬಿಟ್ಟಿರುತ್ತಾರೆ.

ಪಂಪು ಹೋಗಿ ಕೂತ ಮೇಲೆ ಹೆಸರು ಉಳಿಯುವುದು, ಕೆಡುವುದು ಎರಡೂ ಸೈಟಿನಲ್ಲಿ. ನಮ್ಮ ಪಂಪಿನದೇ ಉದಾಹರಣೆ ಮುಂದುವರಿಸೋಣ. ಚಾಲೂ ಮಾಡಿ ಒಂದು ವಾರಕ್ಕೆ ದೂರು ಬರುತ್ತದೆ: 22 ಕಿಲೋವ್ಯಾಟ್ ಮೋಟರ್ ಕಾಯುತ್ತಿದೆ, ಕರೆಂಟು ಪೂರ್ತಿ ತಿನ್ನುತ್ತಿದೆ, ಪಂಪಿನೊಳಗೆ ಜಲ್ಲಿ ಉರುಳಿದಂಥ ಸದ್ದು. ಸೈಟಿನಲ್ಲಿ ಎಲ್ಲರೂ ಹೇಳುವುದು "ಪಂಪೇ ಸರಿಯಿಲ್ಲ" ಎಂದು. ಸರ್ವಿಸ್ ಎಂಜಿನಿಯರ್ ಬಂದು ಬೇರಿಂಗ್ ಬದಲಿಸಿ ಹೋದರೆ ಆ ಮಾತು ನಿಜವೆಂದು ಒಪ್ಪಿಕೊಂಡ ಹಾಗೆ. ಗೊತ್ತಿರುವವರು ಮೊದಲು ಸಕ್ಷನ್ ಮತ್ತು ಡೆಲಿವರಿ ಎರಡೂ ಕಡೆ ಗೇಜು ಹಾಕುತ್ತಾರೆ. ಓದಿದಾಗ ಒಟ್ಟು ಹೆಡ್ 50 ಅಲ್ಲ, ಸುಮಾರು 45 ಮೀಟರ್. ಟೆಸ್ಟ್ ಕರ್ವಿನಲ್ಲಿ 45ರ ಎದುರಿಗೆ ಬೆರಳಿಟ್ಟು ನೋಡಿದರೆ ಹರಿವು ಸುಮಾರು 125 ಘನ ಮೀಟರ್. ಅಲ್ಲಿಗೆ ಶಾಫ್ಟಿಗೆ ಬೇಕಾದ ಶಕ್ತಿ ಹತ್ತಿರಹತ್ತಿರ 22 ಕಿಲೋವ್ಯಾಟ್. ಪಂಪು ತಪ್ಪು ಮಾಡಿಲ್ಲ. ಪೈಪ್‌ಲೈನಿಗೆ ನಿಜವಾಗಿ ಬೇಕಿದ್ದದ್ದು 100 ಘನ ಮೀಟರಿಗೆ 36 ಮೀಟರ್ ಹೆಡ್. ಪ್ರೊಸೆಸ್‌ನವರು ಸ್ವಲ್ಪ, ಪೈಪಿಂಗ್‌ನವರು ಸ್ವಲ್ಪ, ಕೊನೆಗೆ ಡೇಟಾಶೀಟ್ ಬರೆದವರು ಸ್ವಲ್ಪ ಎಂದು ಮೂರು ಕಡೆ ಮಾರ್ಜಿನ್ ಸೇರಿ ಅದು 50 ಆಗಿತ್ತು. ಎದುರಿನ ಪ್ರತಿರೋಧ ಕಡಿಮೆಯಾದದ್ದರಿಂದ ಪಂಪು ಬೇಕಾದ್ದಕ್ಕಿಂತ ಹೆಚ್ಚು ನೀರು ಎಳೆಯುತ್ತಿದೆ, ಅದಕ್ಕೆ ಸದ್ದು.

ಇದಕ್ಕೆ ಡೆಲಿವರಿ ವಾಲ್ವನ್ನು ಅರ್ಧ ಮುಚ್ಚಿದರೆ ಸದ್ದು ನಿಲ್ಲುತ್ತದೆ, ಆದರೆ ಕರೆಂಟು ವಾಲ್ವಿನಲ್ಲಿ ಪೋಲಾಗುತ್ತದೆ. ಶಾಶ್ವತ ಪರಿಹಾರ ಇಂಪೆಲ್ಲರ್ ಟ್ರಿಮ್ ಮಾಡುವುದು. ವ್ಯಾಸ 210 ಮಿಲಿಮೀಟರ್ ಇದ್ದದ್ದನ್ನು ಸುಮಾರು 185ಕ್ಕೆ ಇಳಿಸಿದರೆ, ದಕ್ಷತೆ ಒಂದೆರಡು ಅಂಶ ಕಡಿಮೆಯಾದರೂ, ಅದೇ 100 ಘನ ಮೀಟರ್ ನೀರು ಸುಮಾರು 14 ಕಿಲೋವ್ಯಾಟಿನಲ್ಲಿ ಬರುತ್ತದೆ. ತುರಿದ ಲೋಹ ಮತ್ತೆ ಬರುವುದಿಲ್ಲವಾದ್ದರಿಂದ ಮೊದಲು 188ಕ್ಕೆ ನಿಲ್ಲಿಸಿ ಓಡಿಸಿ ನೋಡುವುದು ಜಾಣತನ. ಈಗ ಮುಖ್ಯವಾದದ್ದು ವರದಿ. ಗೇಜಿನ ರೀಡಿಂಗ್, ಕರ್ವಿನ ಮೇಲೆ ಹಳೆಯ ಬಿಂದು, ಹೊಸ ಬಿಂದು, ಟ್ರಿಮ್‌ಗೆ ಮೊದಲು ಮತ್ತು ನಂತರದ ಆಂಪಿಯರ್, ಇಷ್ಟನ್ನು ಎರಡು ಪುಟದಲ್ಲಿ ಬರೆದು ಕೊಡಬೇಕು. ಯಾರ ಲೆಕ್ಕ ತಪ್ಪಿತು ಎಂಬ ಮಾತು ಅದರಲ್ಲಿ ಇರಕೂಡದು. ಕನ್ಸಲ್ಟಂಟ್ ಕೂಡ ನಾಳೆ ನಿಮಗೆ ಬೇಕಾದವರೇ. ಈ ಎರಡು ಪುಟ ಮೆಂಟೆನೆನ್ಸ್ ಮುಖ್ಯಸ್ಥರ ಮೂಲಕ ಮೇಲಿನವರಿಗೆ ಹೋಗುತ್ತದೆ. ಅವರು ಬೇರೆ ಕಾರ್ಖಾನೆಗೆ ಕೆಲಸ ಬದಲಿಸಿದಾಗ ನಿಮ್ಮ ಹೆಸರನ್ನೂ ಜೊತೆಗೆ ಒಯ್ಯುತ್ತಾರೆ. ಈ ಉದ್ಯಮದಲ್ಲಿ ಹೆಸರು ಊರಿಂದೂರಿಗೆ ಹೋಗುವುದು ಬಹುಪಾಲು ಹೀಗೆಯೇ.

ಬಿಡಿಭಾಗದ ವಿಷಯದಲ್ಲಿ ಒಂದೇ ಮಾತು. ಹತ್ತು ವರ್ಷದ ಹಿಂದಿನ ಪಂಪಿನ ಸೀರಿಯಲ್ ನಂಬರ್ ಹೇಳಿದರೆ ಸರಿಯಾದ ಇಂಪೆಲ್ಲರ್, ಸರಿಯಾದ ವೇರ್ ರಿಂಗ್ ಯಾವುದೆಂದು ಅದೇ ದಿನ ಹೇಳಲು ಬರಬೇಕು. ಮಾದರಿಯ ಹೆಸರುಗಳನ್ನು ಪದೇ ಪದೇ ಬದಲಿಸುವ ಕಂಪನಿಗೆ ಇದು ಸಾಧ್ಯವಾಗುವುದಿಲ್ಲ. ಮಾದರಿಯ ಕೋಡ್ ಒಮ್ಮೆ ಇಟ್ಟರೆ ಹಾಗೇ ಇರಲಿ. ಹೆಸರಿನ ಫಲಕ ಬಿಸಿಲಿಗೂ ಆಮ್ಲಕ್ಕೂ ಅಳಿಯದ ಸ್ಟೇನ್‌ಲೆಸ್ ತಗಡಿನ ಮೇಲೆ ಕೊರೆದದ್ದಾಗಿರಲಿ, ಸ್ಟಿಕ್ಕರ್ ಬೇಡ. ಆ ಫಲಕ ಅಳಿಸಿಹೋದ ಪಂಪಿಗೆ ಬಿಡಿಭಾಗ ಮಾರುವುದು ಪಕ್ಕದ ಗಲ್ಲಿಯ ನಕಲಿ ತಯಾರಕ. ಆ ನಕಲಿ ಇಂಪೆಲ್ಲರ್ ಹಾಕಿ ದಕ್ಷತೆ ಬಿದ್ದಾಗ ಕೆಡುವುದು ಮಾತ್ರ ನಿಮ್ಮ ಹೆಸರು.

ಹಾಗಾದರೆ ಲೋಗೊ, ಮಳಿಗೆ, ಕೈಪಿಡಿ ಬೇಡವೇ ಎಂದರೆ, ಬೇಕು. ಆದರೆ ಅವು ಬರಬೇಕಾದದ್ದು ಇವೆಲ್ಲದರ ನಂತರ. ನಿಮ್ಮ ಕಾರ್ಖಾನೆಯಲ್ಲಿ ಈ ಕೆಲಸ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ, ಕಳೆದ ವರ್ಷ ಕೈತಪ್ಪಿದ ಹತ್ತು ಟೆಂಡರುಗಳ ಕಡತ ತೆಗೆಸಿ. ವಿಚಾರಣೆಯೇ ಬರಲಿಲ್ಲವೋ, ತಾಂತ್ರಿಕ ಲಕೋಟೆಯಲ್ಲಿ ಬಿದ್ದಿತೋ, ಪುರಾವೆ ಇರಲಿಲ್ಲವೋ, ಬೆಲೆಯಲ್ಲಿ ಸೋತಿತೋ ಎಂದು ಪ್ರತಿಯೊಂದರ ಮೇಲೂ ಬರೆಯಿರಿ. ಯಾವ ಕಾರಣ ಹೆಚ್ಚು ಸಲ ಬಂದಿದೆಯೋ, ಈ ವರ್ಷದ ಪ್ರಚಾರದ ಹಣವನ್ನು ಮೊದಲು ಅಲ್ಲಿಗೇ ಹಾಕಿ.